ಲಿಂಗರಾಜು ಅಳಿಸಿದ ಎರಡನೇ ಹೆಸರು

ಹುಣಸೂರಿನ ಬಸ್‌ಸ್ಟ್ಯಾಂಡ್ ಎದುರು ಡಿಟಿಪಿ ಅಂಗಡಿ ಇಟ್ಟಿದ್ದ ಲಿಂಗರಾಜು, ಆನೆಯ ಬದುಕನ್ನು ಕೊಟ್ಟರೂ ಒಂದೇ ಪುಟಕ್ಕೆ ಇಳಿಸಬಲ್ಲವನು. ಕೆಲಸದ ಅರ್ಜಿಗಳಿಗೆ ಅಷ್ಟು ಸಾಕಿತ್ತು. 2003ರ ಒಂದು ಮಧ್ಯಾಹ್ನ, ಅಂತರಸಂತೆಯ ಸುಧಾ ಪಿಎಚ್‌ಡಿ ಅರ್ಜಿಗೆಂದು ತಂದ ನಾಲ್ಕು ಪುಟದ ಸಿ.ವಿ.ಗೂ ಅವನು ಕತ್ತರಿ ಹಿಡಿದ.

"ಒಂದು ಪುಟ ಸಾಕು ಕಣವ್ವ. ಈ ಲೇಖನಕ್ಕೆ ನಿನ್ನೆಸರು ಸಾಲ್ದಾ? ಸಣ್ಣಬೀರಯ್ಯ ಅಂತ ಇನ್ನೊಂದ್ಯಾಕೆ?"

"ಇದು ಕೆಲ್ಸದ ರೆಸ್ಯೂಮೆ ಅಲ್ಲಣ್ಣ. ಮಾಡಿದ್ ಸಂಶೋಧನೆ, ಲೇಖನ, ಸೆಮಿನಾರು ಎಲ್ಲಾ ಇರ್ಬೇಕು, ಪುಟ ಎಷ್ಟಾದ್ರೂ ಆಗ್ಲಿ. ಜೊತೇಲಿ ಬರೆದೋರ ಹೆಸರೂ ಅಚ್ಚಾದಂಗೇ ಇರ್ಬೇಕು. ಕಾಕನಕೋಟೆ ಕಾಡಲ್ಲಿ ಆನೆ ಜಾಡು ಹಿಡಿದೋರು ಸಣ್ಣಬೀರಯ್ಯನೋರೇ. ಹೋದ್ವರ್ಷ ಆನೇನೇ ಅವ್ರನ್ನ ತುಳಿದು ಸಾಯಿಸ್ತು."

ಸಂಜೆಯ ಟಪಾಲಿಗೆ ಅರ್ಜಿ ಹೋಗದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಸ್ಟಾಂಪು ತರಲು ಹೋದದ್ದೇ ತಡ, ಲಿಂಗರಾಜು ಆ ಹೆಸರನ್ನು ಅಳಿಸಿ ಪ್ರಿಂಟ್ ಕೊಟ್ಟ.

ಪ್ರಿಂಟರ್ ಅಲುಗಲಿಲ್ಲ. ಕೊಳೆತ ಎಲೆಯ ವಾಸನೆ ಅಂಗಡಿಯೊಳಗೆ ತುಂಬಿತು. ಹೊರಗೆ ಉರಿಬಿಸಿಲು, ಒಳಗೆ ಬಾಗಿಲಿನಿಂದ ಅವನ ಕುರ್ಚಿಯ ಬೆನ್ನಿನ ತನಕ ಬರಿಗಾಲಿನ ಕೆಸರು ಹೆಜ್ಜೆಗಳು. ಹಿಂದಿರುಗಿದ ಹೆಜ್ಜೆ ಒಂದೂ ಇರಲಿಲ್ಲ.

ಅವನಿಗೆ ಹರಿದ ಬೆವರಿನಲ್ಲಿ ಒಂದೆಕರೆ ಭತ್ತ ನಾಟಿ ಮಾಡಬಹುದಿತ್ತು. ಹೆಸರನ್ನು ಮತ್ತೆ ಟೈಪಿಸಿದ. ಪ್ರಿಂಟರ್ ನಾಲ್ಕೂ ಪುಟ ಉಗುಳಿತು.

"ಸರ್ಯಾಗದಾ ನೋಡ್ತೀನಿ ಕೊಡಣ್ಣ," ಎಂದಳು ಹಿಂತಿರುಗಿದ ಸುಧಾ.

"ಅವರು ಆಗ್ಲೇ ನೋಡವ್ರೆ, ಬುಡವ್ವ," ಎಂದ ಲಿಂಗರಾಜು, ಬೆನ್ನ ಹಿಂದೆ ತಿರುಗಿ ನೋಡದೆ.