ಅಜ್ಜನ ಬಾವಿ, ಮಿರಜದ ಬಸ್ಸು

ನಮ್ಮ ಉಗಾರ ಬುದ್ರುಕದಾಗ ಸತ್ಕಾರ ಇರಲಿ, ಶ್ರದ್ಧಾಂಜಲಿ ಇರಲಿ, ಭಾಷಣ ಬರಿಯಾವ್ರು ಒಬ್ಬರ: ಶಾಂತಿನಾಥ ಮಾಸ್ತರು. ಓದಿ ಚಪ್ಪಾಳಿ ಹೊಡಿಸ್ಕೊಳ್ಳಾವ್ರು ಬ್ಯಾರೆ. ಮಾಸ್ತರಿಗೆ ಒಂದ ಶಾಲು, ಒಂದ ತೆಂಗಿನಕಾಯಿ. ಅವರ ವಾಕ್ಯ ಉಗಾರದಾಗ ಶುರು ಆದ್ರ ಕಾಗವಾಡದಾಗ ಮುಗೀತಿತ್ತು.

ಈ ಸಲ ಮಾತ್ರ ಸ್ವಂತ ಸಂಕಟ. ಹೆಂಡತಿ ಕಮಲಾಬಾಯಿಗೆ ಕಿಡ್ನಿ ಕೈಕೊಟ್ಟಿದ್ವು. ಡಯಾಲಿಸಿಸ್‌ಗೆ ವಾರಕ್ಕ ಮೂರ ಸಲ ಮಿರಜ. ಊರ ಆಸ್ಪತ್ರಿಗೆ ಮಷೀನ್ ಕೊಡೂದೋ ಬ್ಯಾಡೋ ಅಂತ ನೋಡಾಕ ಚೆನ್ನೈದ ಟ್ರಸ್ಟಿನ ಅಮ್ಮಾವ್ರು ಬರಾವ್ರಿದ್ರು. ಅವರಿಗೆ ಕನ್ನಡ ಇಲ್ಲ, ಮರಾಠಿ ಇಲ್ಲ. ಆಸ್ಪತ್ರಿ ಕಮಿಟಿ ಅಧ್ಯಕ್ಷ ಭಾವುಸಾಹೇಬ್ರು ಕನ್ನಡದಾಗ ಮಾತಾಡೂದು, ಕಾಲೇಜಿನ್ಯಾಗ ಇಂಗ್ಲಿಷ್ ಕಲಿಸೂ ರೂಪಾಲಿ ವಾಕ್ಯಕ್ಕೊಮ್ಮೆ ಇಂಗ್ಲಿಷಿನ್ಯಾಗ ಹೇಳೂದು ಅಂತಾತು.

ಮಾಸ್ತರು ಬರದದ್ದು ನೋಡಿ ರೂಪಾಲಿ ತಲಿ ಹಿಡಕೊಂಡ್ಳು. ಅವರ ಕೈಯಾಗ ಕಲತ ಹುಡುಗಿನ ಆಕಿ.

"ಸರ್, ಇದು ಮುಗಿಯೂದ್ರಾಗ ಮದಲಿಂದು ನನಗ ಮರತಿರತೈತ್ರಿ. ವಾಕ್ಯಕ್ಕ ಒಂದ ಸಂಗತಿ ಸಾಕು. ಪ್ರಾಸ ಬ್ಯಾಡ್ರಿ, ಇಂಗ್ಲಿಷಿನ್ಯಾಗ ಉಳಿಯಂಗಿಲ್ಲ. ಇಬ್ಬರೂ ಮಾತಾಡಿದ್ರ ಟೈಮ್ ಎರಡ ಪಟ್ಟ ಆಕ್ಕೈತಿ, ಅರ್ಧ ತಗದ ಹಾಕ್ರಿ."

ಮಾಸ್ತರು ಹೊಟ್ಟಿ ಉರಕೋತನ ಪ್ರಾಸ ಹೊಡದ ಹಾಕಿದ್ರು. ಉಳದದ್ದು ಬರೇ ಎಲುಬು: "ನಮ್ಮೂರಾಗ ಒಬ್ಬ ಹೆಣ್ಮಗಳ ಅದಾಳ. ವಾರಕ್ಕ ಮೂರ ಸಲ ಮಿರಜಕ್ಕ ಹೋಗ್ತಾಳ. ಬರೂವಾಗ ಬಸ್ಸಿನ್ಯಾಗ ವಾಂತಿ ಮಾಡ್ಕೊತಾಳ. ನಮಗ ಎರಡ ಮಷೀನ್ ಬೇಕು." ಒಂದ ಪ್ರತಿ ಅಧ್ಯಕ್ಷರಿಗೆ, ಒಂದ ರೂಪಾಲಿಗೆ.

"ಏನ್ರೀ ಮಾಸ್ತರ, ಒಂದನೇ ಕ್ಲಾಸ್ ಹುಡುಗೂರ ಪಾಠ ಕೊಟ್ಟೀರಲ್ಲ!" ಅಂದ ಅಧ್ಯಕ್ಷರು ಅದನ್ನ ಕಿಸೆದಾಗ ತುರಿಕಿದ್ರು.

ಅಮ್ಮಾವ್ರು ಬಂದ ದಿನ ಮೈಕ್ ಕೈಗೆ ಬಂದದ್ದ ತಡ, ಅಬ್ಬಬ್ಬಾ! ವೇದಿಕಿ ಮ್ಯಾಲಿನವ್ರ ಹೆಸರು, ಅಜ್ಜ ಹೊಡಿಸಿದ ಬಾವಿ, ಅಪ್ಪ ತಂದ ಟ್ರ್ಯಾಕ್ಟರ್. ನಡುವ ಉಸಿರಿಲ್ಲ. ರೂಪಾಲಿಗೆ ಬಾಯಿ ತಗಿಯಾಕ ಸಂದಿ ಇಲ್ಲ. ಕಡೀಕ ನೀರ ಕುಡಿಯಾಕ ನಿಂತ್ರು. "ಹೂಂ, ಹೇಳವ್ವಾ."

ಆಡಿದ್ದನ್ನ ಹೇಳ್ಬೇಕು, ಬ್ಯಾರೇದು ಹೇಳಬಾರದು. ಆಕಿಗೇನ ಗೊತ್ತಿಲ್ಲಾ? ಮುಂದಿನ ಸಾಲಿನ್ಯಾಗ ಕಮಲಾಬಾಯಿ ಊದಿದ ಕಾಲ ಚಾಚ್ಕೊಂಡ ಕುಂತಿದ್ಳು. ರೂಪಾಲಿ ಕೈಯಾಗಿನ ಕಾಗದ ಬಿಚ್ಚಿ ಅದರಾಗಿದ್ದದ್ದನ್ನ ಇಂಗ್ಲಿಷಿನ್ಯಾಗ ಹೇಳಿದ್ಳು. ಅಜ್ಜನ ಬಾವಿಗೆ ಆ ಹೆಣ್ಮಗಳು. ಅಪ್ಪನ ಟ್ರ್ಯಾಕ್ಟರಿಗೆ ಮಿರಜದ ಬಸ್ಸು. ಮತ್ತ ಅಧ್ಯಕ್ಷರು ತಮ್ಮ ಪ್ರತಾಪ ಹಾಡಿ ಕೆಮ್ಮಿದ್ರು. ಆಕಿ ಶಾಂತ ಆಗಿ ಎರಡ ಮಷೀನ್ ಕೇಳಿದ್ಳು.

ಚೆನ್ನೈದ ಅಮ್ಮಾವ್ರು ಕಣ್ಣ ಒರಿಸ್ಕೊಂಡ್ರು. ಅಧ್ಯಕ್ಷರ ಎದಿ ಉಬ್ಬಿತು. "ನಮ್ಮಜ್ಜನ ಕತಿ ಕೇಳಿದ್ರ ಎಂಥವ್ರೂ ಅಳತಾರ್ರಿ!" ಇಂಗ್ಲಿಷ್ ತಿಳಿಯೂ ನಾಕ ಮಂದಿ ಅದೀವಲ್ಲ, ನಾವು ತುಟಿ ಕಚ್ಚಕೊಂಡ ಚಪ್ಪಾಳಿ ಹೊಡದ್ವಿ.

ಮಷೀನ್ ಬಂದ್ವು. ಬಾಗಲ ಮ್ಯಾಲೆ ಅಮೃತಶಿಲೆ ಬೋರ್ಡು, ಅದರಾಗ ಭಾವುಸಾಹೇಬ್ರ ಅಜ್ಜನ ಹೆಸರು. ಮತ್ತ್ಯಾರದ ಇರಬೇಕು?

ಮದಲನೇ ದಿನ ಡಯಾಲಿಸಿಸ್ ಮುಗಿಸಿ ಹೊರಗ ಬಂದ ಕಮಲಾಬಾಯಿ, ಬೋರ್ಡ್ ನೋಡ್ಕೋತ ಹಲ್ಲ ಕಡಿಯಾಕತ್ತಿದ್ದ ಗಂಡನ ತೋಳ ಹಿಡದ್ಳು.

"ಇರ್ಲಿ ಬಿಡ್ರಿ. ಬಸ್ ಬ್ಯಾಡ ಇವತ್ತ. ಮನಿ ಇಲ್ಲೇ ಐತಿ."

ಕಾಗವಾಡದ ತನಕ ವಾಕ್ಯ ಎಳಿಯೂ ಮಾಸ್ತರು ಆಕಿ ಕೈಚೀಲ ಇಸ್ಕೊಂಡ್ರು. ಅಂದದ್ದು ಇಷ್ಟ: "ನಡೀ."