ಕುದುರೆಗೆ ಬಿದ್ದ ಇಪ್ಪತ್ತೊಂಬತ್ತು ವೋಟು

ಅರ್ಜುನನಿಗೆ ಗಾಂಡೀವ, ಭೀಮನಿಗೆ ಗದೆ, ಮುನಿರತ್ನಮ್ಮನಿಗೆ ಬೆರಳಿನ ಗಿಣ್ಣು. ಕೈತುಂಬ ಹಿಟ್ಟು ಮೆತ್ತಿಕೊಂಡಿರುವುದರಿಂದ ಆಕೆ ಫೋನನ್ನು ಒತ್ತುವುದು ಗಿಣ್ಣಿನಿಂದಲೇ. ಆ ಗಿಣ್ಣು ಬಿದ್ದ ಕಡೆ ಪರದೆ ನಡುಗುತ್ತದೆಂದು ಬಾಗಲೂರು ರಸ್ತೆಯ ಅವರ ಮೆಸ್ಸಿಗೆ ಬರುವವರೆಲ್ಲ ನಂಬಿದ್ದರು.

ಸೋಮವಾರದಿಂದ ಮಧ್ಯಾಹ್ನದ ಊಟಕ್ಕೆ ಹುರುಳಿ ಕಟ್ಟಿನ ಸಾರು, ಮುದ್ದೆ ಇಡಬೇಕೆಂದು ಆಕೆಯ ಹಟ. ಗಂಡ ಲಕ್ಷ್ಮೀಪತಿಗೆ ನೂಡಲ್ಸೇ ಆಗಬೇಕು. ಒಲೆ ಇದ್ದುದು ಒಂದೇ. ಜನ ಏನನ್ನುತ್ತಾರೋ ಅದೇ ಆಗಲಿ ಎಂದು ಇಬ್ಬರೂ ಒಪ್ಪಿ, ಮೆಸ್ಸಿನ ಇನ್‌ಸ್ಟಾಗ್ರಾಮ್ ನೋಡಿಕೊಳ್ಳುವ, ಮುನಿರತ್ನಮ್ಮನ ತಂಗಿಯ ಮಗಳು ಭಾನುವಿಗೆ ಸ್ಟೋರಿ ಹಾಕಲು ಹೇಳಿದರು.

ಶುಕ್ರವಾರ ಭಾನು ಸಾರಿನ ಫೋಟೊ ಹಾಕಿ, ಮೇಲೆ 'ಹುರುಳಿ ಯಾರಿಗೆ?' ಎಂದು ಬರೆದು, ಜನ ಒತ್ತಿ ವೋಟು ಹಾಕುವ ಪೋಲ್ ಸ್ಟಿಕರ್ ಅಂಟಿಸಿದಳು. ಒಂದು ಕಡೆ 'ನನಗೆ', ಇನ್ನೊಂದು ಕಡೆ 'ಕುದುರೆಗೆ'. ಇಪ್ಪತ್ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ನಲವತ್ತೊಂದು ವೋಟು ಬಿದ್ದವು. ಕುದುರೆಗೇ ಇಪ್ಪತ್ತೊಂಬತ್ತು. ಲಕ್ಷ್ಮೀಪತಿ ನೂಡಲ್ಸಿನ ಬಾಣಲೆ ತೊಳೆಯತೊಡಗಿದ.

ಮುನಿರತ್ನಮ್ಮ ಮಾತ್ರ ಸೋತವರಂತೆ ಕೂರಲಿಲ್ಲ. ಗಿಣ್ಣಿನಿಂದ ಸ್ಟೋರಿಯನ್ನು ಮೇಲಕ್ಕೆ ತಳ್ಳಿ, ಯಾರು ಯಾವುದನ್ನು ಒತ್ತಿದ್ದಾರೆಂಬ ಪಟ್ಟಿ ತೆರೆದರು. ಕುದುರೆಯ ಸಾಲಿನಲ್ಲಿ ಮೊದಲು ಕಂಡದ್ದು ಮಾದೇಶನ ಹೆಸರು. ಕಾರ್ಖಾನೆಯ ಎರಡನೇ ಶಿಫ್ಟಿಗೆ ಹೋಗುವ ಅವನು, ಇದೇ ಸಾರನ್ನು ರುಚಿ ನೋಡಲು ಕೊಟ್ಟ ದಿನ ಎರಡು ಮುದ್ದೆ ಮುಗಿಸಿ, ತಟ್ಟೆ ನೆಕ್ಕುವುದೊಂದನ್ನು ಬಾಕಿ ಇಟ್ಟು ಎದ್ದಿದ್ದ.

"ಯಾಕ್ಲಾ ಮಾದೇಶ, ನೀನು ತಿಂದಿದ್ದು ಕುದುರೆ ಪಾಲಾ?" ಎಂದು ಶನಿವಾರ ಮಧ್ಯಾಹ್ನ ಊಟಕ್ಕೆ ಬಂದವನನ್ನು ತಡೆದು ಕೇಳಿದರು.

"ನಗು ಬಂತಕ್ಕ, ಒತ್ಬುಟ್ಟೆ. ನೀವು ಊಟಕ್ಕೆ ಬತ್ತೀಯಾ ಅಂತ ಕೇಳಿದ್ರಾ?"

ಕುದುರೆ ಒತ್ತಿದ ಇನ್ನೂ ನಾಲ್ವರನ್ನು ವಿಚಾರಿಸಿದಾಗಲೂ ಅದೇ ಉತ್ತರ. ಅವರು ವೋಟು ಹಾಕಿದ್ದು ಸಾರಿಗಲ್ಲ, ಭಾನುವಿನ ತಮಾಷೆಗೆ. ಭಾನು ತಲೆ ತಗ್ಗಿಸಿದಳು. ಹಾಕಿದ ಪೋಲಿನ ಮಾತನ್ನು ತಿದ್ದಲಾಗುವುದಿಲ್ಲ, ಹೊಸದೇ ಹಾಕಬೇಕು ಎಂದಳು. ಹಾಕು ಎಂದರು ಮುನಿರತ್ನಮ್ಮ. ಈ ಸಲ ಒಕ್ಕಣೆ ತಾವೇ ಹೇಳಿ ಬರೆಸಿದರು: 'ಸೋಮವಾರದಿಂದ ಹುರುಳಿ ಕಟ್ಟಿನ ಸಾರು, ಮುದ್ದೆ. ಮಧ್ಯಾಹ್ನ ಹನ್ನೆರಡಕ್ಕೆ. ಊಟಕ್ಕೆ ಬರ್ತೀರಾ?' ಕೆಳಗೆ 'ಬರ್ತೀನಿ', 'ಬರಲ್ಲ'. ನಗುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ಭಾನುವಾರ ಸಂಜೆಗೆ ನೋಡಿದರೆ, ಈ ಸಲ ಒಟ್ಟು ವೋಟು ಮೂವತ್ತಾರಕ್ಕೆ ಇಳಿದಿತ್ತು. ಬರುತ್ತೇವೆ ಎಂದವರು ಇಪ್ಪತ್ತೇಳು. ಲಕ್ಷ್ಮೀಪತಿ ತೊಳೆದ ಬಾಣಲೆಯನ್ನು ಅಟ್ಟಕ್ಕೆ ಏರಿಸಿದ.

ಭಾನು ಕುರುಕ್ಷೇತ್ರ ಗೆದ್ದು ಬಂದವರನ್ನು ನೋಡುವಂತೆ ದೊಡ್ಡಮ್ಮನನ್ನು ನೋಡುತ್ತ, "ಈ ಸಲಾನೂ ಜನ ಬ್ಯಾಡ ಅಂದಿದ್ರೆ ಏನ್ ಮಾಡ್ತಿದ್ದೆ ದೊಡ್ಡಮ್ಮ?" ಎಂದು ಕೇಳಿದಳು.

"ಇನ್ನೇನ್ ಮಾಡೋದೇ? ಹುರುಳಿ ಬೆಳಿಗ್ಗೇನೆ ನೆನೆಹಾಕ್ಬುಟ್ಟಿದ್ದೆ."