ಚಾರ್ಜ್ ಉಳಿಸಿದ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಹಿಟ್ಟಿನ ಗಿರಣಿ ನಡೆಸುತ್ತಾರೆ. ಗಿರಣಿ ಓಡುವಾಗ ಪಕ್ಕದಲ್ಲೇ ಗುಡುಗಿದರೂ ಅವರಿಗೆ ಕೇಳಿಸದು. ಹಿಟ್ಟಿನ ಧೂಳಿಗೆ ಒಂದು ಫೋನು ಕೆಟ್ಟ ಮೇಲೆ ಹೊಸದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಅದಕ್ಕೇ ಮಗಳು ಅವರ ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿದಳು. ಫೋನಿಗೆ ಕರೆಯೋ ಮೆಸೇಜೋ ಬಂದರೆ ಮಣಿಕಟ್ಟು ಗುರ್ ಎನ್ನುತ್ತದೆ. ಇದು ಕಚ್ಚಿ ಕರೆಯುವ ಇರುವೆ ಎಂದು ದೊಡ್ಡಮ್ಮ ಗಿರಾಕಿಗಳಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಆ ಮಗಳು ಹೆರಿಗೆಗೆ ಆಸ್ಪತ್ರೆ ಸೇರಿದಳು. ಅಲ್ಲಿ ಜೊತೆಗೆ ಒಬ್ಬರನ್ನೇ ಬಿಡುತ್ತಾರೆ. ಸದ್ಯಕ್ಕೆ ಗಂಡ ಇರಲಿ, ನೋವು ಜೋರಾದಾಗ ಮಾತ್ರ ಅಮ್ಮನೇ ಪಕ್ಕದಲ್ಲಿರಬೇಕು ಎಂದು ಅವಳ ಹಟ. ಹೊತ್ತಾದಾಗ ಅಳಿಯ ಫೋನ್ ಮಾಡುವುದೆಂದು ಮಾತಾಯಿತು. ಮನೆಯಲ್ಲಿ ಸುಮ್ಮನೆ ಕೂರಲಾರದೆ ದೊಡ್ಡಮ್ಮ ಗಿರಣಿ ತೆರೆದರು. ಸುದ್ದಿ ಬರುವ ಹೊತ್ತಿಗೆ ಫೋನು ಸತ್ತುಹೋದರೇನು ಗತಿ ಎಂದು ಬ್ಯಾಟರಿ ಸೇವರ್ ಕೂಡ ಹಾಕಿಟ್ಟರು.

ಇರುವೆ ಕಚ್ಚಲಿಲ್ಲ. ಇನ್ನೂ ಹೊತ್ತಿದೆ ಎಂದುಕೊಂಡು ಅವರು ಗೋಧಿ ಬೀಸುತ್ತಲೇ ಇದ್ದರು.

ಎದುರಿನ ಮೊಬೈಲ್ ರಿಪೇರಿಯವನು ಗೋಧಿ ಡಬ್ಬ ಹಿಡಿದು ಬಂದ. ಮಗಳ ಸುದ್ದಿ ಏನೆಂದು ಕೂಗಿ ಕೇಳಿದ. ದೊಡ್ಡಮ್ಮ ವಾಚು ತೋರಿಸಿ, ಏನೂ ಬಂದಿಲ್ಲವೆಂದು ಕೈಯಾಡಿಸಿದರು. ಅವನು ಆ ಕೈಯನ್ನೇ ಹಿಡಿದು, ವಾಚಿನಲ್ಲಿ ಸಂಪರ್ಕ ಕಡಿದ ಗುರುತು ನೋಡಿ, ಗಿರಣಿ ನಿಲ್ಲಿಸಲು ಸನ್ನೆ ಮಾಡಿದ.

"ದೊಡ್ಡಮ್ಮ, ನಿಮ್ಮ ವಾಚಿಗೂ ಫೋನಿಗೂ ಮಾತು ಬಿಟ್ಟಿದೆ."

ಡಬ್ಬಿ ತೆರೆದರೆ ಅಳಿಯನ ಕರೆಗಳ ಸಾಲು. ಕೊನೆಯ ಮೆಸೇಜು ಆಗಷ್ಟೇ ಬಂದಿತ್ತು: "ಅತ್ತೆ, ಬೇಗ ಬನ್ನಿ. ನಿಮ್ಮನ್ನೇ ಕೇಳ್ತಿದ್ದಾಳೆ."

ದೊಡ್ಡಮ್ಮ ಬಾಗಿಲೆಳೆಯುವಷ್ಟರಲ್ಲಿ ಅವನು ಕಾರಣ ಹೇಳಿದ. ಮೂಟೆ ತರಲು ಅವರು ಹಿಂದಿನ ಗೋದಾಮಿಗೆ ಹೋದಾಗ ದೂರವಾಗಿ ಬ್ಲೂಟೂತ್ ಕಡಿದಿರಬೇಕು. ಬೇರೆ ದಿನವಾದರೆ ತಾನಾಗಿ ಮತ್ತೆ ಸೇರುತ್ತಿತ್ತು. ಇವತ್ತು ಬ್ಯಾಟರಿ ಸೇವರ್, ವಾಚಿನ ಆ್ಯಪನ್ನು ಹಿನ್ನೆಲೆಯಲ್ಲಿ ಕೆಲಸ ಮಾಡಲು ಬಿಟ್ಟಿಲ್ಲ.

"ಎಣ್ಣೆ ಉಳಿಸೋಕೆ ದೀಪಾನೇ ಆರಿಸಿಬಿಟ್ರಲ್ಲ," ಎಂದ.

"ಬುದ್ಧಿ ಆಮೇಲೆ ಹೇಳು. ಸ್ಕೂಟರ್ ತೆಗಿ."

ಅವನು ಸೇವರ್ ಆಫ್ ಮಾಡಿ, ವಾಚಿನ ಆ್ಯಪಿಗಿದ್ದ ಬ್ಯಾಟರಿ ನಿರ್ಬಂಧ ತೆಗೆದು, ಆ್ಯಪ್ ತೆರೆದು ವಾಚು, ಫೋನು ಎರಡನ್ನೂ ರಾಜಿ ಮಾಡಿಸಿದ. ದೊಡ್ಡಮ್ಮ ಹಿಟ್ಟಿನ ಮುಖದಲ್ಲೇ ಸ್ಕೂಟರ್ ಹತ್ತಿದರು.

ಆಸ್ಪತ್ರೆಯಲ್ಲಿ ಅಳಿಯ ಹೊರಬಂದು ಜಾಗ ಬಿಟ್ಟುಕೊಟ್ಟ. ನರ್ಸ್ ಕೈಮುಖ ತೊಳೆಸಿದರೂ ಹುಬ್ಬಿನ ಹಿಟ್ಟು ಹೋಗಲಿಲ್ಲ. ಮಗಳು ಅಮ್ಮನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಆಗ ವಾಚು ಗುರ್ ಎಂದಿತು. ಬಿಟ್ಟು ಮತ್ತೆ ಗುರ್ ಎಂದಿತು. ಸ್ಕೂಟರಿನವನು ಬೀದಿಗೆಲ್ಲ ಸುದ್ದಿ ಹಬ್ಬಿಸಿದ್ದ. ಮಗುವಾಯಿತಾ ಎಂದು ಗಿರಾಕಿಗಳೆಲ್ಲ ಕೇಳತೊಡಗಿದ್ದರು.

ಅಷ್ಟು ನೋವಿನಲ್ಲೂ ಮಗಳಿಗೆ ನಗು ಬಂತು. "ಅಮ್ಮಾ, ನೀನು ಬಂದಾಯ್ತಲ್ಲ. ಇನ್ನು ಅದನ್ನ ಆಫ್ ಮಾಡು."

ಹೆಣ್ಣು ಮಗು ಹುಟ್ಟಿತು. ಬೀದಿಯವರಿಗೆ ಉತ್ತರ ಹೋಗಿದ್ದು ಸಂಜೆಗೆ.